ಒಬ್ಬರಿಗೆ ಕೈ ಹಿಡಿದ ಜೀನ್ಸ್ ಯೂನಿಟ್ ಇನ್ನೊಬ್ಬರಿಗೆ ಯಾಕೆ ಕೈ ಕೊಡುತ್ತದೆ? ಬಳ್ಳಾರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ, ಸಣ್ಣ ಯೂನಿಟ್‌ಗಳಿಗೆ ಕೊರತೆ ಇಲ್ಲ. ಅದಕ್ಕೇ ಇಲ್ಲಿ ಒಂದು ಯೋಚನೆ ಬಹಳ ಜನರ ತಲೆಯಲ್ಲಿ ಓಡುತ್ತಿರುತ್ತದೆ: "ಬೇರೆಯವರಿಗೆ ಜಾಬ್‌ವರ್ಕ್ ಮಾಡಿಕೊಡೋದು ಸಾಕು, ನಮ್ಮದೇ ಲೇಬಲ್ ಹಾಕಿ ಮಾರೋಣ." ಯೋಚನೆ ಒಳ್ಳೆಯದೇ. ಅದನ್ನು ಹಿಡಿದು ಚೆನ್ನಾಗಿ ಬೆಳೆದವರು ಇದ್ದಾರೆ, ಅದೇ ಓಣಿಯಲ್ಲಿ ಮಷಿನ್ ಮಾರಿ ಕೂತವರೂ ಇದ್ದಾರೆ. ಈ ವ್ಯತ್ಯಾಸದ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಲೆಕ್ಕದಲ್ಲಿ ಬರುವ ದರಗಳು ವಿಷಯ ಅರ್ಥವಾಗಲಿ ಅಂತ ಹಿಡಿದವು. ಡೆನಿಮ್ ದರ ಏರಿಳಿಯುತ್ತಲೇ ಇರುತ್ತದೆ, ನಿಮ್ಮ ದರ ಹಾಕಿಕೊಂಡು ನೋಡಿ.

ಯೋಚನೆ ಒಂದೇ, ಬಟ್ಟೆ ಒಂದೇ, ಊರೂ ಒಂದೇ. ಆದರೂ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಯಾಕೆ?

ಹೊರಗಿನಿಂದ ನೋಡುವವರಿಗೆ ಯೂನಿಟ್ ಅಂದರೆ ಮಷಿನ್, ಟೇಲರ್‌ಗಳು, ರೋಲ್‌ಗಳು, ಪ್ಯಾಕ್ ಆದ ಪ್ಯಾಂಟ್. ಇಷ್ಟನ್ನು ಯಾರು ಬೇಕಾದರೂ ಹಾಗೇ ನಕಲು ಮಾಡಬಹುದು. ಆದರೆ ಈ ದಂಧೆಯಲ್ಲಿ ದುಡ್ಡು ಸೋರುವುದು ಮುಖ್ಯವಾಗಿ ಎರಡು ಕಡೆ. ಒಂದು, ಕಟಿಂಗ್ ಟೇಬಲ್ ಮೇಲೆ. ಇನ್ನೊಂದು, ಉದ್ರಿ ಪುಸ್ತಕದಲ್ಲಿ. ಎರಡೂ ಕಡೆ ತಪ್ಪು ಆದ ದಿನ ಏನೂ ಕಾಣಿಸುವುದಿಲ್ಲ. ಕಟಿಂಗ್‌ನ ತಪ್ಪು ಹೊಲಿದ ಪ್ಯಾಂಟ್ ವಾಶ್ ಆದ ಮೇಲೆ ಕಾಣುತ್ತದೆ, ಉದ್ರಿಯ ತಪ್ಪು ಮೂರು ತಿಂಗಳ ಮೇಲೆ.

ಅಭ್ಯಾಸ ಇರುವವರು ಅದೇ ದಿನ ಹಿಡಿಯುತ್ತಾರೆ. ಕಟಿಂಗ್ ಮಾಸ್ಟರ್‌ಗೆ ಬಟ್ಟೆ ಎಳೆದು ನೋಡಿದರೆ ಅನುಮಾನ ಬರುತ್ತದೆ. ವರ್ಷಗಟ್ಟಲೆ ಹೋಲ್‌ಸೇಲ್ ಅಂಗಡಿಯಲ್ಲಿ ಕೂತವರಿಗೆ ಪಾರ್ಟಿ, ಅಂದರೆ ಮಾಲು ಕೊಳ್ಳುವ ಅಂಗಡಿಯವರು, ದರ ಚೌಕಾಸಿ ಮಾಡದೇ ಮಾಲು ಎತ್ತಿದರೆ ಅನುಮಾನ ಬರುತ್ತದೆ. ಒಬ್ಬರಿಗೆ ಇರುವ ಕಣ್ಣು ಇನ್ನೊಬ್ಬರಿಗೆ ಇರುವುದಿಲ್ಲ. ಸ್ವಂತ ಲೇಬಲ್‌ಗೆ ಎರಡೂ ಬೇಕು, ಕಷ್ಟ ಇರುವುದು ಅಲ್ಲೇ.

ನನ್ನದು ಬಟ್ಟೆ ಅಂಗಡಿ. ಮಾರೋದು ಚೆನ್ನಾಗಿ ಗೊತ್ತು. ಒಬ್ಬ ಒಳ್ಳೆ ಮಾಸ್ಟರ್‌ನ ಇಟ್ಟುಕೊಂಡರೆ ಸಾಕಲ್ವಾ?

ಅರ್ಧ ಕೆಲಸ ಆಗುತ್ತದೆ. ಉಳಿದರ್ಧ, ಆ ಮಾಸ್ಟರ್ ಒಳ್ಳೆಯವರೋ ಅಲ್ಲವೋ ಅಂತ ನಿಮಗೆ ತಿಳಿಯಬೇಕಲ್ಲ, ಅದು. ಇದನ್ನು ಒಂದು ಲಾಟ್, ಅಂದರೆ ಒಟ್ಟಿಗೆ ಕತ್ತರಿಸಿ ಹೊಲಿಯುವ ಒಂದು ಕಂತಿನ ಮಾಲು ಹಿಡಿದು ನೋಡೋಣ.

ಇವತ್ತು ಮಾರುಕಟ್ಟೆಯಲ್ಲಿ ಜಾಸ್ತಿ ಕೇಳುವುದು ಸ್ಟ್ರೆಚ್ ಡೆನಿಮ್. ಅದರಲ್ಲಿ ಹಿಗ್ಗುವ ಲೈಕ್ರಾ ಎಳೆ ಸಾಮಾನ್ಯವಾಗಿ ಬಟ್ಟೆಯ ಅಡ್ಡಕ್ಕೆ ಇರುತ್ತದೆ. ಹಾಗಾಗಿ ವಾಶ್‌ಗೆ ಹೋದಾಗ ಉದ್ದ ಕಡಿಮೆ ಕುಗ್ಗುತ್ತದೆ, ಅಗಲ ಜಾಸ್ತಿ ಕುಗ್ಗುತ್ತದೆ. ಹಳೆಯ ಕಾಟನ್ ಡೆನಿಮ್‌ನಲ್ಲಿ ಹೀಗಿರಲಿಲ್ಲ. ಎಷ್ಟು ಕುಗ್ಗುತ್ತದೆ ಅನ್ನುವುದು ಮಿಲ್‌ನಿಂದ ಮಿಲ್‌ಗೆ ಬೇರೆ. ಒಂದೇ ಮಿಲ್‌ನ ಬೇರೆ ಬೇರೆ ರೋಲ್‌ನಲ್ಲೂ ವ್ಯತ್ಯಾಸ ಬರುತ್ತದೆ.

ಹಿಂದಿನ ಲಾಟ್‌ನ ಬಟ್ಟೆ ಅಡ್ಡಕ್ಕೆ ನೂರಕ್ಕೆ 5 ಕುಗ್ಗುತ್ತಿತ್ತು ಅಂತ ಇಟ್ಟುಕೊಳ್ಳಿ. 32 ಸೈಜ್ ಪ್ಯಾಂಟ್‌ನ ಸೊಂಟ ವಾಶ್ ಆದ ಮೇಲೆ 32 ಇಂಚು ಬರಬೇಕು. ಅದಕ್ಕೆ 32ನ್ನು 0.95ರಿಂದ ಭಾಗಿಸಿ ಸುಮಾರು 33.7 ಇಂಚಿಗೆ ಪ್ಯಾಟರ್ನ್ ಮಾಡಿದ್ದರು. ಸರಿಯಾಗೇ ಬಂತು. ಈ ಸಲ ಬಂದ ರೋಲ್ ಕಣ್ಣಿಗೆ ಅದೇ ಬಣ್ಣ, ಅದೇ ದಪ್ಪ, ದರ ಮಾತ್ರ ಮೀಟರಿಗೆ ಸ್ವಲ್ಪ ಕಡಿಮೆ. ಆದರೆ ಇದು ಅಡ್ಡಕ್ಕೆ ನೂರಕ್ಕೆ 12 ಕುಗ್ಗುವ ಬಟ್ಟೆ. ಹಳೆ ಪ್ಯಾಟರ್ನ್ ಇಟ್ಟೇ ಕತ್ತರಿಸಿದರೆ 33.7 ಇಂಚು ವಾಶ್ ಆದ ಮೇಲೆ ಸುಮಾರು 29.7 ಆಗುತ್ತದೆ. ಲೇಬಲ್ ಮೇಲೆ 32, ಹಾಕಿಕೊಂಡರೆ 30ಕ್ಕಿಂತ ಬಿಗಿ. ಈ ಬಟ್ಟೆಗೆ ಬೇಕಿದ್ದದ್ದು 36.4 ಇಂಚಿನ ಪ್ಯಾಟರ್ನ್.

ಟೇಲರ್‌ದು ತಪ್ಪಿಲ್ಲ, ವಾಷಿಂಗ್‌ನವರದೂ ತಪ್ಪಿಲ್ಲ. ಹೊಲಿಗೆ ಚೆನ್ನಾಗಿದೆ. ಆದರೆ ಇಡೀ ಲಾಟ್ ತಪ್ಪು ಸೈಜ್. ಲೇಬಲ್ ಬಿಚ್ಚಿ 30 ಅಂತ ಹಾಕಿದರೂ ಸರಿಹೋಗುವುದಿಲ್ಲ. ಉದ್ದ, ತೊಡೆ, ಸೊಂಟ ಮೂರೂ ಒಂದಕ್ಕೊಂದು ಕೂಡುವುದಿಲ್ಲ.

ಅನುಭವಿ ಮಾಸ್ಟರ್ ಕತ್ತರಿಸುವ ಮುಂಚೆ ಏನು ಮಾಡುತ್ತಾರೆ ಅಂದರೆ, ಪ್ರತಿ ರೋಲ್‌ನಿಂದ ಒಂದು ಚೌಕ ತುಂಡು ತೆಗೆಯುತ್ತಾರೆ. ಅದರ ಒಳಗೆ ಅಳಿಸದ ಪೆನ್ನಿನಲ್ಲಿ 50 ಸೆಂಟಿಮೀಟರ್ ಚೌಕ ಬರೆಯುತ್ತಾರೆ. ಅಂಚು ಹೊಲಿದು, ಪ್ಯಾಂಟ್‌ಗೆ ಯಾವ ವಾಶ್ ಕೊಡಬೇಕೋ ಅದೇ ವಾಶ್‌ಗೆ ಕಳಿಸುತ್ತಾರೆ. ಮನೆಯ ಬಕೆಟ್‌ನಲ್ಲಿ ನೆನೆಸಿದರೆ ಆಗುವುದಿಲ್ಲ, ಯೂನಿಟ್‌ನ ಬಿಸಿ ನೀರು, ಡ್ರೈಯರ್ ಎರಡೂ ತಾಗಬೇಕು. ಒಣಗಿ ಬಂದ ಮೇಲೆ ಅಳೆಯುತ್ತಾರೆ. ಉದ್ದಕ್ಕೆ 48.5 ಬಂದರೆ ನೂರಕ್ಕೆ 3 ಕುಗ್ಗಿದೆ. ಅಡ್ಡಕ್ಕೆ 44 ಬಂದರೆ ನೂರಕ್ಕೆ 12. ಹತ್ತಿರ ಹತ್ತಿರ ಕುಗ್ಗುವ ರೋಲ್‌ಗಳನ್ನು ಒಟ್ಟಿಗೆ ಹಾಸುತ್ತಾರೆ, ಬೇರೆಯದಕ್ಕೆ ಬೇರೆ ಪ್ಯಾಟರ್ನ್. ಅದೇ ತುಂಡುಗಳನ್ನು ಪಕ್ಕ ಪಕ್ಕ ಇಟ್ಟು ಬಣ್ಣದ ಶೇಡ್ ಕೂಡ ನೋಡಿಬಿಡುತ್ತಾರೆ. ಇಲ್ಲದಿದ್ದರೆ ಒಂದೇ ಪ್ಯಾಂಟ್‌ನ ಎರಡು ಕಾಲು ಎರಡು ಬಣ್ಣ ಆಗಬಹುದು.

ನೀವು ಮಾಸ್ಟರ್ ಆಗಬೇಕಿಲ್ಲ. "ತುಂಡು ವಾಶ್‌ನಿಂದ ಬಂತಾ? ಎಷ್ಟು ಬಂತು?" ಅಂತ ಕೇಳಲು, ಟೇಪ್ ಹಿಡಿದು ನೀವೇ ಅಳೆಯಲು ಗೊತ್ತಿರಬೇಕು. ಈ ಎರಡು ಮಾತು ಕೇಳದೆ ಸಂಬಳ ಮಾತ್ರ ಕೊಡುವ ಮಾಲೀಕರ ಯೂನಿಟ್‌ನಲ್ಲಿ ಒಳ್ಳೆ ಮಾಸ್ಟರ್ ಕೂಡ ಅವಸರದಲ್ಲಿ ಈ ಹಂತ ಬಿಡುತ್ತಾರೆ. ನನಗೆ ಇದು ನೋಡಲು ಬಹಳ ಬೇಸರ. ಇಷ್ಟೊಂದು ಜನರ ಕೈಕೆಲಸ ಒಂದು ತುಂಡು ಬಟ್ಟೆ ತೊಳೆಯದ ಕಾರಣಕ್ಕೆ ಹಾಳಾಗಬಾರದು.

ಕಟಿಂಗ್‌ನಲ್ಲಿ ಬೇರೆ ಏನು ಸೋರುತ್ತದೆ?

ಆವರೇಜ್. ಒಂದು ಪ್ಯಾಂಟ್‌ಗೆ ಎಷ್ಟು ಮೀಟರ್ ಹಿಡಿಯಿತು ಅನ್ನುವ ಲೆಕ್ಕ. ಪ್ಯಾಟರ್ನ್‌ಗಳನ್ನು ಬಟ್ಟೆ ಮೇಲೆ ಒತ್ತಾಗಿ ಕೂರಿಸಿದರೆ 1.15 ಮೀಟರ್‌ನಲ್ಲಿ ಮುಗಿಯುವುದು, ಸಡಿಲ ಬಿಟ್ಟರೆ 1.22 ಆಗುತ್ತದೆ. ಮೀಟರಿಗೆ 180 ರೂಪಾಯಿ ಅಂದರೆ ಪ್ಯಾಂಟಿಗೆ 12 ರೂಪಾಯಿ 60 ಪೈಸೆ. ಸಾವಿರ ಪ್ಯಾಂಟಿಗೆ 12,600. ಇದು ಯಾರೂ ಕದ್ದ ದುಡ್ಡಲ್ಲ, ಚಿಂದಿ ಮೂಟೆಯಲ್ಲಿ ಹೋದ ದುಡ್ಡು. ಪ್ರತಿ ಲಾಟ್‌ಗೆ ಚಿಂದಿ ತೂಕ ಮಾಡಿ ಬರೆದಿಟ್ಟರೆ ಮಾಸ್ಟರ್ ಅಲ್ಲದವರಿಗೂ ಇದು ಕಾಣುತ್ತದೆ.

ನಾನು ಕಟಿಂಗ್ ಮಾಸ್ಟರ್. ಇದೆಲ್ಲಾ ನನಗೆ ಗೊತ್ತು. ಹಾಗಾದರೆ ನನಗೆ ಸ್ವಂತ ಲೇಬಲ್ ಸುಲಭ ಅಲ್ವಾ?

ಮಾಲು ಮಾಡುವುದು ಸುಲಭ. ಆದರೆ ನೀವು ಇಲ್ಲಿವರೆಗೆ ಇದ್ದದ್ದು ವಾರ ವಾರ ಕೂಲಿ ಕೈಗೆ ಬರುವ ಕೆಲಸದಲ್ಲಿ. ಜಾಬ್‌ವರ್ಕ್‌ನಲ್ಲಿ ಬಟ್ಟೆ ಬೇರೆಯವರದು, ಮಾರುವ ಚಿಂತೆ ಬೇರೆಯವರದು. ಸ್ವಂತ ಲೇಬಲ್ ಹಾಕಿದ ದಿನದಿಂದ ನೀವು ಪಾರ್ಟಿಗೆ ಸಾಲ ಕೊಡುವ ಸಾವ್ಕಾರರೂ ಆಗುತ್ತೀರಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಒಂದು ಪ್ಯಾಂಟ್ ಲೆಕ್ಕ ನೋಡಿ. ಬಟ್ಟೆ 1.15 ಮೀಟರ್, 207 ರೂಪಾಯಿ. ಹೊಲಿಗೆ 75. ವಾಶ್ 40. ಜಿಪ್, ಬಟನ್, ರಿವಿಟ್, ದಾರ, ಜೇಬಿನ ಬಟ್ಟೆ, ಲೇಬಲ್ ಸೇರಿ 35. ಕಟಿಂಗ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್ 18. ಒಟ್ಟು 375. ಪಾರ್ಟಿಗೆ 440ಕ್ಕೆ ಕೊಟ್ಟರೆ 65 ಉಳಿಯಿತು. ತಿಂಗಳಿಗೆ ಸಾವಿರ ಪ್ಯಾಂಟ್ ಅಂದರೆ 65,000. ಕೂಲಿಗೆ ಹೋಲಿಸಿದರೆ ಒಳ್ಳೆಯದೇ.

ಈಗ ದುಡ್ಡು ಬರುವ ದಾರಿ ನೋಡಿ. ಬಟ್ಟೆಗೆ ಹೊಸಬರಾದ ನಿಮಗೆ ಉದ್ರಿ ಸಿಗುವುದಿಲ್ಲ, ನಗದು ಕೊಡಬೇಕು. ಟೇಲರ್‌ಗಳಿಗೆ ಶನಿವಾರ ಶನಿವಾರ ಕೊಡಲೇಬೇಕು. ಮಾಲು ತಯಾರಾಗಲು ಒಂದು ತಿಂಗಳು. ಪಾರ್ಟಿ "ಎರಡು ತಿಂಗಳು" ಅಂತ ಹೇಳಿ ಮೂರು ತಿಂಗಳಿಗೆ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಲಾಟ್‌ನ ದುಡ್ಡು ಕೈಗೆ ಬರುವ ಹೊತ್ತಿಗೆ ನೀವು ನಾಲ್ಕು ತಿಂಗಳ ಮಾಲಿಗೆ ಖರ್ಚು ಮಾಡಿರುತ್ತೀರಿ. ತಿಂಗಳಿಗೆ 3.75 ಲಕ್ಷದ ಹಾಗೆ 15 ಲಕ್ಷ. ನಿಮ್ಮ ಹತ್ತಿರ ಇದ್ದದ್ದು 5 ಲಕ್ಷ ಅಂದರೆ, ಎರಡನೇ ತಿಂಗಳ ಮಧ್ಯಕ್ಕೇ ಮಷಿನ್ ನಿಲ್ಲುತ್ತದೆ. ಪ್ಯಾಂಟ್ ಎಲ್ಲಾ ಮಾರಾಟ ಆಗಿದೆ, ಪುಸ್ತಕದಲ್ಲಿ ಲಾಭ ಇದೆ, ಶನಿವಾರ ಕೊಡಲು ಕೈಯಲ್ಲಿ ದುಡ್ಡಿಲ್ಲ. ಇಂಥ ಹೊತ್ತಲ್ಲೇ ಜನ ಬಡ್ಡಿ ಸಾಲಕ್ಕೆ ಕೈ ಹಾಕುವುದು.

ಜೊತೆಗೆ ಪಾರ್ಟಿ ಆಯ್ಕೆ. ಒಬ್ಬರು 150 ಪೀಸ್ ತೆಗೆದುಕೊಂಡು ದುಡ್ಡು ಕೊಡದೇ ಹೋದರೆ ನಿಮ್ಮ ಖರ್ಚಿನ ಲೆಕ್ಕದಲ್ಲೇ 56,250 ಹೋಯಿತು. ಆ ತಿಂಗಳ ಸಾವಿರ ಪ್ಯಾಂಟ್‌ನ ಲಾಭ ಬಹುತೇಕ ಅಷ್ಟೇ ಅಲ್ವಾ?

ಮಾಲು ಚೆನ್ನಾಗಿದ್ದರೆ ಪಾರ್ಟಿ ದುಡ್ಡು ಕೊಟ್ಟೇ ಕೊಡುತ್ತಾರಲ್ಲ?

ಎಷ್ಟೋ ಮಾಸ್ಟರ್‌ಗಳು ಇದೇ ನಂಬಿಕೆಯಲ್ಲಿ ಇಳಿಯುತ್ತಾರೆ. ಅವರ ಜೀವನದಲ್ಲಿ ಕೆಲಸ ಚೆನ್ನಾಗಿದ್ದಾಗ ಕೂಲಿ ಬಂದಿದೆ, ಹಾಗಾಗಿ ನಂಬಿಕೆ ಸಹಜ. ಆದರೆ ಪಾರ್ಟಿ ದುಡ್ಡು ಕೊಡುವುದು ಮುಂದಿನ ಲಾಟ್ ನಿಮ್ಮಿಂದ ಬೇಕು ಅನ್ನುವ ಕಾರಣಕ್ಕೆ. ಅದಕ್ಕೇ ಅನುಭವಿ ವ್ಯಾಪಾರಿಗಳು ಹಳೆ ಬಿಲ್ ತೀರದೇ ಹೊಸ ಲಾಟ್ ಬಿಡುವುದಿಲ್ಲ. ಮೊದಲ ಸಲ 30 ಪೀಸ್ ಮಾತ್ರ ಕೊಟ್ಟು ನೋಡುತ್ತಾರೆ. ಪಾರ್ಟಿಯ ಅಂಗಡಿಗೆ ಸುಮ್ನೆ ಹೋಗಿ ಕೂತು, ಗಿರಾಕಿ ಬರುತ್ತಾರಾ, ಬೇರೆ ಸಪ್ಲೈಯರ್‌ಗಳು ದುಡ್ಡಿಗೆ ಬಂದು ಕಾಯುತ್ತಿದ್ದಾರಾ ಅಂತ ನೋಡಿ ಬರುತ್ತಾರೆ. ದುಡ್ಡು ಕೇಳಲು ಸಂಕೋಚ ಪಡುವುದಿಲ್ಲ. ಕಟಿಂಗ್‌ನ ಹಾಗೆ ಇದೂ ಕೈಗೆ ಹತ್ತಬೇಕಾದ ಕೆಲಸ.

ಸೈಜ್ ಉಳಿಯುತ್ತದೆ ಅಂತಾರಲ್ಲ, ಏನದು?

28ರಿಂದ 36ರವರೆಗೆ ಸೆಟ್ ಹಾಕಿ ಕತ್ತರಿಸುತ್ತೇವೆ. 30, 32, 34 ಬೇಗ ಹೋಗುತ್ತವೆ, ಎರಡು ತುದಿಯ ಸೈಜ್ ಉಳಿಯುತ್ತವೆ. ಯಾವ ಊರಿಗೆ ಯಾವ ಸೈಜ್ ಎಷ್ಟು ಹೋಗುತ್ತದೆ ಅನ್ನುವುದು ಅಂಗಡಿಯಲ್ಲಿ ನಿಂತು ಮಾರಿದವರಿಗೆ ಗೊತ್ತು. ಈ ಒಂದು ವಿಷಯದಲ್ಲಿ ಅಂಗಡಿಯವರು ಮಾಸ್ಟರ್‌ಗಿಂತ ಮುಂದೆ.

ಇಬ್ಬರೂ ಸೇರಿ ಪಾಲುದಾರಿಕೆ ಮಾಡಿದರೆ?

ಬಳ್ಳಾರಿಯಂಥ ಊರಲ್ಲಿ ನನಗೆ ಅತಿ ಸರಿ ಅನ್ನಿಸುವ ದಾರಿ ಇದೇ. ಆದರೆ ದುಡ್ಡು ಒಬ್ಬರದು, ಕೆಲಸ ಒಬ್ಬರದು ಅಂತ ಬರೆದರೆ ಸಾಲದು. ಯಾವ ಮಾತಿನಲ್ಲಿ ಯಾರದು ಕೊನೆ ಮಾತು ಅಂತ ಬರೆದುಕೊಳ್ಳಿ. ಜಗಳ ಬರುವುದು ಹೀಗೆ:

"ಮಾಸ್ಟ್ರೇ, ಪಾರ್ಟಿ ಅರ್ಜೆಂಟ್ ಅಂತಿದ್ದಾರೆ. ಇವತ್ತೇ ಕಟಿಂಗ್ ಹಾಕ್ರಿ."

"ತುಂಡು ವಾಶ್‌ನಿಂದ ಬಂದಿಲ್ಲ ಸಾವ್ಕಾರ್ರೆ. ನಾಳೆ ಸಂಜೆಗೆ ಹಾಕ್ತೀನಿ."

ಈ ಮಾತಿನಲ್ಲಿ ಮಾಸ್ಟರ್ ಗೆಲ್ಲಬೇಕು. ದುಡ್ಡು ಹಾಕಿದವರು ಒತ್ತಾಯ ಮಾಡಿ ಗೆದ್ದರೆ ಪಾಲುದಾರಿಕೆ ಹೆಸರಿಗೆ ಮಾತ್ರ. ಹಾಗೇ, ಪರಿಚಯದ ಪಾರ್ಟಿಗೆ ಮಾಲು ಕೊಡೋಣ ಅಂತ ಮಾಸ್ಟರ್ ಹೇಳಿದಾಗ, ಹಳೆ ಬಾಕಿ ಇದ್ದರೆ ಬೇಡ ಅನ್ನುವ ಹಕ್ಕು ವ್ಯಾಪಾರ ನೋಡುವವರಿಗೆ ಇರಬೇಕು. ತುಂಡು ತೊಳೆಯದೇ ಕಟಿಂಗ್ ಇಲ್ಲ, ಬಾಕಿ ತೀರದೇ ಮಾಲಿಲ್ಲ. ಪತ್ರದಲ್ಲಿ ಈ ಎರಡು ಸಾಲು ಇರಲಿ.

ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ನೇರ ಮಾರಿದರೆ ಉದ್ರಿ ತಾಪತ್ರಯ ಇರಲ್ಲ ಅಲ್ವಾ?

ಉದ್ರಿ ಇರುವುದಿಲ್ಲ, ನಿಜ. ಅದರ ಜಾಗಕ್ಕೆ ವಾಪಸ್ ಮಾಲು ಬರುತ್ತದೆ. ಪ್ಯಾಂಟ್ ಹಾಕಿ ನೋಡದೇ ಕೊಳ್ಳುವ ಗಿರಾಕಿಗಳು ಅಳತೆ ಅರ್ಧ ಇಂಚು ಆಚೀಚೆ ಆದರೂ ವಾಪಸ್ ಕಳಿಸುತ್ತಾರೆ, ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮ ತಲೆಗೆ. ಅಂದರೆ ಇಲ್ಲಿ ಅಳತೆ ಇನ್ನೂ ಬಿಗಿಯಾಗಿರಬೇಕು. ಈ ದಾರಿ ಮಾಸ್ಟರ್‌ಗಳಿಗೆ ಹೊಂದುತ್ತದೆ, ಫೋಟೋ ತೆಗೆದು ರಾತ್ರಿ ಹತ್ತಕ್ಕೂ ಮೆಸೇಜ್‌ಗೆ ಉತ್ತರ ಕೊಡುವ ತಂಗಿಯೋ ಮಗನೋ ಮನೆಯಲ್ಲಿದ್ದರೆ. ತಿಂಗಳಿಗೆ ಸಾವಿರ ಪೀಸ್ ಹೀಗೆ ಹೋಗುತ್ತದೆ ಅಂತ ಎಣಿಸಬೇಡಿ. ಸಣ್ಣದಾಗಿ ಶುರು ಮಾಡುವವರಿಗೆ ಮಾತ್ರ ಇದು ಸರಿ.

ನನಗೆ ಇದು ಹೊಂದುತ್ತದೋ ಇಲ್ಲವೋ, ದುಡ್ಡು ಹಾಕುವ ಮುಂಚೆ ತಿಳಿಯುವುದು ಹೇಗೆ?

ನಿಮಗೆ ಬರುವ ಕೆಲಸ ಬಿಟ್ಟು, ಬರದ ಕೆಲಸವನ್ನು ಸಣ್ಣದಾಗಿ ಮಾಡಿ ನೋಡಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮಾಸ್ಟರ್ ಆದವರು ಇನ್ನೂ ಚೆಂದದ ಸ್ಯಾಂಪಲ್ ಹೊಲಿಯುತ್ತಾರೆ, ಅಂಗಡಿಯವರು ಇನ್ನೂ ನಾಲ್ಕು ಆರ್ಡರ್ ಹಿಡಿಯುತ್ತಾರೆ. ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಮಾಸ್ಟರ್ ಆಗಿದ್ದರೆ ಬೇರೆ ಯೂನಿಟ್‌ನ ತಯಾರಾದ 40 ಪ್ಯಾಂಟ್ ನಗದು ಕೊಟ್ಟು ತನ್ನಿ. ಸಿಂಧನೂರಿಗೋ ಗಂಗಾವತಿಗೋ ಹೋಗಿ ಪರಿಚಯ ಇಲ್ಲದ ಅಂಗಡಿಗಳಿಗೆ ಹಾಕಿ. ದುಡ್ಡು ವಸೂಲಿ ಮಾಡಿಕೊಂಡು ಬನ್ನಿ. ಎಷ್ಟು ದಿನ ಹಿಡಿಯಿತು, ಎಷ್ಟು ಸಲ ಕೇಳಬೇಕಾಯಿತು, ಕೇಳುವಾಗ ನಿಮಗೆ ಹೇಗನ್ನಿಸಿತು ಅನ್ನುವುದು ಮುಖ್ಯ. ಮೂರನೇ ಸಲ ಫೋನ್ ಮಾಡಲು ಮನಸ್ಸು ಹಿಂಜರಿದರೆ ವಸೂಲಿಗೆ ಬೇರೆ ಜನ ಬೇಕು ಅಂತ ಅರ್ಥ.

ಅಂಗಡಿಯವರಾಗಿದ್ದರೆ ಒಂದೇ ರೋಲ್ ಕೊಂಡು, ಒಂದು ಜಾಬ್‌ವರ್ಕ್ ಯೂನಿಟ್‌ಗೆ ಕೊಟ್ಟು ಪ್ಯಾಂಟ್ ಮಾಡಿಸಿ. ಕಟಿಂಗ್ ದಿನ ಪಕ್ಕದಲ್ಲೇ ನಿಲ್ಲಿ. ಪ್ರತಿ ಸೈಜ್‌ನಿಂದ ಮೂರು ಪೀಸ್ ವಾಶ್ ಮುಂಚೆ, ವಾಶ್ ಆದ ಮೇಲೆ ಸೊಂಟ, ತೊಡೆ, ಒಳಕಾಲು ಅಳೆದು ಬರೆದುಕೊಳ್ಳಿ. ಅಳತೆ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ನಿಮಗೆ ಹುಡುಕಬೇಕು ಅನ್ನಿಸುತ್ತದೋ, ಇಲ್ಲ ಬರೀ ಬೈಯಬೇಕು ಅನ್ನಿಸುತ್ತದೋ ನೋಡಿಕೊಳ್ಳಿ. ಹುಡುಕುವವರು ಒಂದೆರಡು ವರ್ಷದಲ್ಲಿ ಕಲಿಯುತ್ತಾರೆ. ಬರೀ ಬೈಯುವವರು ಮಾಸ್ಟರ್‌ಗಳನ್ನು ಬದಲಾಯಿಸುತ್ತಾ ಹೋಗುತ್ತಾರೆ, ಬಟ್ಟೆ ಕುಗ್ಗುವುದು ಹಾಗೇ ಇರುತ್ತದೆ.

ಕೊಪ್ಪಳದಲ್ಲೋ ರಾಯಚೂರಲ್ಲೋ ಇದನ್ನೇ ಶುರು ಮಾಡಬಹುದಾ?

ಹೊಲಿಗೆ ಮಾಡಬಹುದು. ಆದರೆ ಬಳ್ಳಾರಿಯಲ್ಲಿ ಯೂನಿಟ್ ನಡೆಸುವವರಿಗೆ ಪಕ್ಕದಲ್ಲೇ ವಾಷಿಂಗ್, ಬಟನ್ ಅಂಗಡಿ, ಮಷಿನ್ ರಿಪೇರಿಯವರು, ಒಬ್ಬ ಟೇಲರ್ ಬಿಟ್ಟರೆ ಇನ್ನೊಬ್ಬರು ಸಿಗುತ್ತಾರೆ. ಅವರ ಜಾಣತನದಲ್ಲಿ ಊರಿನ ಪಾಲೂ ಇದೆ. ಬೇರೆ ಊರಲ್ಲಿ ಅದನ್ನೆಲ್ಲಾ ನೀವೇ ಕಟ್ಟಬೇಕು. ತೊಳೆಯಲು ಬಳ್ಳಾರಿಗೇ ಕಳಿಸುತ್ತೀರಿ ಅಂದರೆ ಸಾಗಣೆ ಖರ್ಚು, ತಡ ಎರಡೂ ಸೇರಿಸಿಕೊಳ್ಳಿ. ವಾಷಿಂಗ್ ಯೂನಿಟ್‌ಗಳಿಗೆ ನೀರು ಬಹಳ ಬೇಕು, ಬಣ್ಣದ ನೀರು ಹೊರಬಿಡುವ ವಿಷಯದಲ್ಲಿ ಮಾಲಿನ್ಯ ನಿಯಮಗಳಿವೆ, ಆ ಕಾರಣಕ್ಕೆ ಯೂನಿಟ್‌ಗಳು ನಿಂತ ಸಂದರ್ಭಗಳೂ ಬಳ್ಳಾರಿಯಲ್ಲಿ ಉಂಟು. ಅಂಥ ಹೊತ್ತಿನಲ್ಲಿ ಪರಿಚಯ ಇರುವವರ ಮಾಲು ಮೊದಲು ಹೋಗುತ್ತದೆ.

ಈಗಾಗಲೇ ಶುರು ಮಾಡಿ ಸಿಕ್ಕಿಹಾಕಿಕೊಂಡಿದ್ದೇನೆ. ಏನು ಮಾಡಲಿ?

ಮೊದಲು ಕಟಿಂಗ್ ನಿಲ್ಲಿಸಿ. ಕತ್ತರಿಸದ ರೋಲ್‌ಗೆ ಇನ್ನೂ ಬೆಲೆ ಇದೆ, ಸ್ವಲ್ಪ ಕಡಿಮೆಗೆ ಬೇರೆ ಯೂನಿಟ್‌ನವರು ಕೊಳ್ಳುತ್ತಾರೆ. ಕತ್ತರಿಸಿದ ಮೇಲೆ ಆ ಬೆಲೆ ಹೋಯಿತು. ಹೊಲಿದು ಮುಗಿದು ವಾಶ್‌ಗೆ ಕಾಯುತ್ತಿರುವ ಮಾಲಿದ್ದರೆ ಅದನ್ನು ಮುಗಿಸಿ, ಅರ್ಧದಲ್ಲಿ ಬಿಟ್ಟ ಮಾಲಿಗೆ ಗಿರಾಕಿ ಇಲ್ಲ. ಉಳಿದ ಬಿಡಿ ಸೈಜ್‌ಗಳನ್ನು ಸಂತೆ ವ್ಯಾಪಾರಿಗಳಿಗೆ ನಗದಿಗೆ ಕೊಟ್ಟುಬಿಡಿ. 375ರ ಪ್ಯಾಂಟ್ 250ಕ್ಕೆ ಹೋದರೂ ಆ 250 ಶನಿವಾರದ ಕೂಲಿಗೆ ಆಗುತ್ತದೆ.

ಆಮೇಲೆ ಬಾಕಿ ಪಟ್ಟಿ ಹಿಡಿದು ಪಾರ್ಟಿಗಳ ಹತ್ತಿರ ಹೋಗಿ. ಪೂರ್ತಿ ಕೊಡಿ ಅಂದರೆ ಮುಂದೂಡುತ್ತಾರೆ. ವಾರಕ್ಕೆ ಇಷ್ಟು ಅಂತ ಕಟ್ಟಿಸಿಕೊಳ್ಳಿ. ಅಷ್ಟರಲ್ಲಿ ಮಷಿನ್ ಖಾಲಿ ಬಿಡಬೇಡಿ, ಜಾಬ್‌ವರ್ಕ್ ಹಿಡಿಯಿರಿ. ಲಾಭ ಕಡಿಮೆ, ಆದರೆ ಬಟ್ಟೆಗೆ ನಿಮ್ಮ ದುಡ್ಡು ಹಾಕಬೇಕಿಲ್ಲ, ಟೇಲರ್‌ಗಳು ಬಿಟ್ಟು ಹೋಗುವುದಿಲ್ಲ. ಸ್ವಂತ ಲೇಬಲ್‌ನ ಮುಂದಿನ ಲಾಟ್ ಹಾಕುವುದು ಬಾಕಿಯ ಬಹುಪಾಲು ಬಂದ ಮೇಲೆ, ಅದೂ ಇನ್ನೂರು ಪೀಸ್‌ಗಿಂತ ಜಾಸ್ತಿ ಬೇಡ.